ಹೆಸರು ಗೊತ್ತಿಲ್ಲದ ಡ್ರಿಪ್ ಸಾಮಾನನ್ನು ಅಂಗಡಿಯಲ್ಲಿ ಕೇಳುವುದು ಹೇಗೆ?

"ದಪ್ಪ ಪೈಪಿಂದ ಸಣ್ಣ ಕಪ್ಪು ಪೈಪಿಗೆ ನೀರು ಬಿಡೋ ಜಾಗದಲ್ಲಿ ಒಂದು ಸಾಮಾನು ಇರುತ್ತಲ್ಲ, ಅಲ್ಲಿ ನೀರು ಸೋರ್ತಿದೆ, ಆದ್ರೆ ಅದರ ಹೆಸರೇ ಬಾಯಿಗೆ ಬರಲ್ಲ. 'ಅದೇ ಸಣ್ಣ ಕಪ್ಪುದು' ಅಂದ್ರೆ ಬೇರೇನೋ ಕೊಡ್ತಾರೆ. ಹೇಗೆ ಕೇಳೋದು?"

ನೀವು ಹೇಳುತ್ತಿರುವುದು ಟೇಕಾಫ್ ಇರಬೇಕು. ಅದರ ಜೊತೆಗೆ ಬರುವ ರಬ್ಬರ್ ಬಳೆಗೆ ಗ್ರೊಮೆಟ್ ಅಂತಾರೆ, ಆ ಸಣ್ಣ ಕಪ್ಪು ಪೈಪಿಗೆ ಲ್ಯಾಟರಲ್ ಅಂತಾರೆ. ಆದರೆ ನಾಳೆ ಇನ್ನೊಂದು ಸಾಮಾನಿಗೂ ಹೀಗೇ ಆಗುತ್ತೆ. ಅದಕ್ಕೇ ಕೇಳುವ ರೀತಿಯನ್ನೇ ಸ್ವಲ್ಪ ಬರೆಯುತ್ತೇನೆ.

ಬಣ್ಣ, ಗಾತ್ರದಿಂದ ಶುರು ಮಾಡಬೇಡಿ. ಡ್ರಿಪ್ ಅಂಗಡಿಯಲ್ಲಿ ಮುಕ್ಕಾಲು ಪಾಲು ಸಾಮಾನು ಸಣ್ಣದೇ, ಕಪ್ಪೇ. ಅದು ಎಲ್ಲಿ ಕೂರುತ್ತೆ, ಏನು ಕೆಲಸ ಮಾಡುತ್ತೆ ಅನ್ನುವುದನ್ನು ಮೊದಲು ಹೇಳಿ. "ಪಿವಿಸಿ ಪೈಪಿಗೆ ತೂತು ಹಾಕಿ, ಅಲ್ಲಿಂದ ಹದಿನಾರು ಎಂಎಂ ಲ್ಯಾಟರಲ್ ಎಳೀತೀವಲ್ಲ, ಆ ತೂತಿಗೆ ಹಾಕೋದು." ಇಷ್ಟು ಹೇಳಿದರೆ ಅಂಗಡಿಯವನ ಕೈ ಸರಿಯಾದ ಡಬ್ಬಿ ಕಡೆಗೆ ಹೋಗುತ್ತೆ.

ಆಮೇಲೆ ಅದು ಏನಲ್ಲ ಅಂತಲೂ ಹೇಳಿ. ನಿಮಗೆ ಬೇರೇನೋ ಕೊಟ್ಟರು ಅಂದರಲ್ಲ, ಜಾಯ್ನರ್ ಕೊಟ್ಟಿರುತ್ತಾರೆ. ಜಾಯ್ನರ್‌ನ ಎರಡೂ ತುದಿ ಒಂದೇ ತರ ಇರುತ್ತವೆ, ಎರಡೂ ಲ್ಯಾಟರಲ್ ಒಳಗೇ ಹೋಗುತ್ತವೆ. ನಿಮಗೆ ಬೇಕಾದದ್ದರ ಒಂದು ತುದಿ ಲ್ಯಾಟರಲ್‌ಗೆ, ಇನ್ನೊಂದು ತುದಿ ದಪ್ಪ ಪೈಪಿನ ತೂತಿನಲ್ಲಿರುವ ರಬ್ಬರಿಗೆ. "ಲ್ಯಾಟರಲ್ ಕಟ್ಟಾದರೆ ಸೇರಿಸೋದಲ್ಲ, ಲ್ಯಾಟರಲ್ ಶುರುವಾಗೋ ಕಡೆದು" ಅಂದರೆ ಗೊಂದಲ ಅಲ್ಲಿಗೇ ಮುಗಿಯಿತು. ಎಲ್ಲಿಂದ ನೀರು ಚಿಮ್ಮುತ್ತಿದೆ ಅಂತ ಹೇಳಿದರೂ ಅವರಿಗೆ ಹೊಳೆಯುತ್ತೆ.

ಕೆಲವರು "ಫೋಟೋ ತೋರಿಸಿ ಸಾಕು" ಅಂತಾರೆ. ಅರ್ಧ ಸರಿ. ಆಕಾರ ಗೊತ್ತಾಗುತ್ತೆ, ಅಳತೆ ಗೊತ್ತಾಗಲ್ಲ. ಫೋಟೋದಲ್ಲಿ 12 ಎಂಎಂದೂ 16 ಎಂಎಂದೂ ಒಂದೇ ತರ ಕಾಣುತ್ತವೆ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ತೆಗೆಯಿರಿ. ಹಳೆಯ ತುಂಡನ್ನೇ ಜೇಬಿಗೆ ಹಾಕಿಕೊಂಡು ಹೋದರೆ ಇನ್ನೂ ಒಳ್ಳೆಯದು, ಹರಿದ ರಬ್ಬರ್ ಆದರೂ ಪರವಾಗಿಲ್ಲ.

ಜಾಸ್ತಿ ಎಡವಟ್ಟಾಗುವುದು ಅಂಗಡಿಯವರು ತಿರುಗಿ ಕೇಳಿದಾಗ. ದಪ್ಪ ಪೈಪನ್ನು ಸೇರಿಸುವ ಕಪ್ಲಿಂಗ್ ಕೇಳಿದರೆ ಅವರು "ಎರಡಿಂಚಾ?" ಅಂತಾರೆ, ನಾವು ಸುಮ್ನೆ "ಹೂಂ" ಅಂತೀವಿ. ನಮ್ಮ ತೋಟಗಳಲ್ಲಿ ಎರಡಿಂಚು ಅಂತ ಕರೆಯುವ ಪೈಪ್ ಸಾಮಾನ್ಯವಾಗಿ 63 ಎಂಎಂ. ಅದು ಹೊರಗಿನ ಅಳತೆ. ಮನೆ ಪ್ಲಂಬಿಂಗಿಗೆ ಬರುವ ಎರಡಿಂಚಿನ ಪಿವಿಸಿ ಪೈಪ್ ಸಾಮಾನ್ಯವಾಗಿ ಹೊರಗೆ 60.3 ಎಂಎಂ. ಒಂದರ ಕಪ್ಲಿಂಗ್ ಇನ್ನೊಂದಕ್ಕೆ ಕೂರಲ್ಲ. ಸಡಿಲ ಇದ್ದರೂ ಸೊಲ್ಯೂಷನ್ ಬಳಿದು ಕೂರಿಸಿದರೆ, ಮೋಟರ್ ಹಾಕಿದ ಮೇಲೆ ಕಳಚಿಕೊಳ್ಳುತ್ತೆ. ಹಾಗಾಗಿ "ಹೂಂ" ಅನ್ನುವ ಮೊದಲು "ನೀವು ಹೇಳ್ತಿರೋದು ಅರವತ್ತಮೂರು ಎಂಎಂ ತಾನೇ?" ಅಂತ ಕೇಳಿ. ಗೊತ್ತಿಲ್ಲದಿದ್ದರೆ ಪೈಪಿನ ಮೇಲಿನ ಅಚ್ಚು ನೋಡಿ. ಅದು ಅಳಿಸಿಹೋಗಿದ್ದರೆ ಪೈಪಿಗೆ ಒಂದು ಸುತ್ತು ದಾರ ಸುತ್ತಿ ಅಳೆಯಿರಿ. 63ರ ಪೈಪಿಗೆ ದಾರ ಸುಮಾರು 198 ಎಂಎಂ ಬರುತ್ತೆ, ಪ್ಲಂಬಿಂಗ್ ಪೈಪಿಗೆ ಸುಮಾರು 189.

ನೀವು ಕೇಳುವ ಪ್ರಶ್ನೆಯನ್ನೂ "ಇದು ಸರಿ ಹೋಗುತ್ತಾ?" ಅಂತ ಕೇಳಬೇಡಿ. ಅದಕ್ಕೆ ಯಾವ ಅಂಗಡಿಯಲ್ಲೂ "ಹೋಗುತ್ತೆ ಸಾರ್" ಅನ್ನುವುದೇ ಉತ್ತರ. ಎರಡರಲ್ಲಿ ಒಂದನ್ನು ಆರಿಸುವ ಹಾಗೆ ಕೇಳಿ: "ರಬ್ಬರ್ ಇದರ ಜೊತೆಗೇ ಬರುತ್ತಾ, ಬೇರೆ ತಗೋಬೇಕಾ?" ಇಲ್ಲವೇ ಅಳತೆಯನ್ನೇ ಕೇಳಿ: "ಈ ರಬ್ಬರಿಗೆ ಎಷ್ಟು ಎಂಎಂ ಡ್ರಿಲ್ ಬಿಟ್‌ನಲ್ಲಿ ತೂತು ಹಾಕಬೇಕು?" ಬಿಟ್ ವಿಷಯ ಬಿಡಬೇಡಿ. ತೂತು ದೊಡ್ಡದಾದರೆ ರಬ್ಬರ್ ಒಳಗೆ ಜಾರುತ್ತೆ, ಸುತ್ತಲೂ ನೀರು ಸೋರುತ್ತೆ. ಹಳೆಯ ತೂತಿಗೇ ಹಾಕುವುದಾದರೆ ಹಳೆಯ ರಬ್ಬರನ್ನು ಹೊಸದರ ಪಕ್ಕ ಇಟ್ಟು ನೋಡಿ. ಕಂಪನಿ ಬದಲಾದರೆ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ದುಡ್ಡು ಕೊಡುವ ಮುಂಚೆ ಒಂದು ಸಲ ನಿಮ್ಮ ಮಾತಿನಲ್ಲೇ ತಿರುಗಿ ಹೇಳಿ: "ಅಂದ್ರೆ ತೂತು ಹಾಕಿ ಮೊದಲು ರಬ್ಬರ್ ಕೂರಿಸೋದು, ಆಮೇಲೆ ಇದನ್ನ ಒತ್ತೋದು, ಆಮೇಲೆ ಲ್ಯಾಟರಲ್, ಅಲ್ವಾ?" ಎಲ್ಲಾದರೂ ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಬಿಲ್‌ನಲ್ಲಿ ಹೆಸರು ಬರೆಸಿಕೊಂಡು ಅದರ ಫೋಟೋ ಇಟ್ಟುಕೊಳ್ಳಿ. ಅಂಗಡಿಯಿಂದ ಅಂಗಡಿಗೆ ಹೆಸರು ಬದಲಾಗುತ್ತೆ. ಅದಕ್ಕೇ ಹೆಸರು ಗೊತ್ತಿದ್ದರೂ ನಾನು ಎಲ್ಲಿ ಹಾಕೋದು ಅನ್ನುವುದನ್ನು ಸೇರಿಸಿಯೇ ಕೇಳುತ್ತೇನೆ.

ನಿಮ್ಮ ದಪ್ಪ ಪೈಪ್ ಪಿವಿಸಿ ಅಂದುಕೊಂಡು ಇಷ್ಟು ಬರೆದೆ. ಅದು ಸುರುಳಿಯಲ್ಲಿ ಬರುವ ಕಪ್ಪು ಎಚ್‌ಡಿಪಿಇ ಆಗಿದ್ದರೆ ಹಾಕುವ ಸಾಮಾನು ಬೇರೆ ಇರಬಹುದು. ಯಾವುದು ಅಂತ ಹೇಳ್ತೀರಾ? ಸೋರುತ್ತಿರುವುದು ರಬ್ಬರ್ ಸುತ್ತನಾ, ಲ್ಯಾಟರಲ್ ಸೇರುವ ಕಡೆನಾ?