ಪಾರ್ಕಿಂಗ್‌ನಲ್ಲಿ ಆದ ಗೀರಿಗೆ ಕ್ಲೇಮ್ ಹಾಕಬೇಕಾ?

ಪ್ರಶ್ನೆ: ರಿವರ್ಸ್ ತೆಗೆಯುವಾಗ ಕಂಬಕ್ಕೆ ಉಜ್ಜಿ ಕಾರಿನ ಹಿಂದಿನ ಬಾಗಿಲು, ಬಂಪರ್ ಗೀರಾಗಿವೆ. ಬೇರೆ ಯಾರ ಗಾಡಿಗೂ ತಾಗಿಲ್ಲ. ಗ್ಯಾರೇಜಿನವರು "ಇನ್ಶೂರೆನ್ಸ್ ಇದೆಯಲ್ಲ, ಕ್ಲೇಮ್ ಹಾಕಿ" ಅಂತಾರೆ. ಈಗ ನನಗೆ 25% ನೋ ಕ್ಲೇಮ್ ಬೋನಸ್ ಇದೆ. ಅದು 20, 25, 35, 45, 50 ಅಂತ ವರ್ಷವರ್ಷ ಏರುತ್ತದೆ, ಕ್ಲೇಮ್ ಮಾಡಿದರೆ ಸೊನ್ನೆಗಿಳಿಯುತ್ತದೆ. ಏನು ಮಾಡಲಿ?

ಉತ್ತರ: ಮೊದಲು ಗೀರು ತೊಳೆದು, ಅದರ ಮೇಲೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಮೇಲಿನ ಪದರಕ್ಕಷ್ಟೇ ಪೆಟ್ಟಾಗಿದೆ, ಪಾಲಿಶ್‌ನಲ್ಲೇ ಹೋಗಬಹುದು. ಸಿಕ್ಕಿಕೊಂಡರೆ ಪೇಂಟ್ ಬೇಕು. ಬಾಗಿಲಿನಲ್ಲಿ ಲೋಹ ಕಾಣುತ್ತಿದ್ದರೆ ತಡ ಮಾಡಬೇಡಿ, ತುಕ್ಕು ಹಿಡಿಯುತ್ತದೆ. ಬಂಪರ್ ಪ್ಲಾಸ್ಟಿಕ್ ಆದ್ದರಿಂದ ಅದಕ್ಕೆ ಆ ಭಯವಿಲ್ಲ.

ಆಮೇಲೆ ಬಿಲ್ಲಿನ ಅಂದಾಜು ಬರೆಸಿಕೊಂಡು ಲೆಕ್ಕ ಹಾಕಿ. ಬೋನಸ್ ಸಿಗುವುದು ಸ್ವಂತ ಹಾನಿಯ ಪ್ರೀಮಿಯಂ ಮೇಲೆ. ರಿಯಾಯಿತಿಗೆ ಮುಂಚಿನ ಆ ಮೊತ್ತ 100 ಅಂದುಕೊಳ್ಳಿ, ಅದು ಪ್ರತಿ ವರ್ಷ ಅಷ್ಟೇ ಇರಲಿ. ಕ್ಲೇಮ್ ಮಾಡದಿದ್ದರೆ ಮುಂದಿನ ವರ್ಷ 65 ಕಟ್ಟುತ್ತೀರಿ, ಮಾಡಿದರೆ 100. ಮೊದಲ ವರ್ಷವೇ 35 ಜಾಸ್ತಿ ಹೋಯಿತು. ಅಲ್ಲಿಗೇ ಮುಗಿಯುವುದಿಲ್ಲ, ಏಣಿಯನ್ನು ಕೆಳಗಿನಿಂದ ಮತ್ತೆ ಹತ್ತಬೇಕಲ್ವಾ? ಎರಡನೇ ವರ್ಷ 25 ಜಾಸ್ತಿ, ಮೂರನೇ ವರ್ಷ 25, ಆಮೇಲೆ 15, 5. ಒಟ್ಟು 105. ಅಂದರೆ ಒಂದು ಕ್ಲೇಮಿಗೆ ಇಡೀ ಒಂದು ವರ್ಷದ ಪ್ರೀಮಿಯಂಗಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ.

ಇನ್ನು ಕಂಪನಿ ಕೊಡುವುದೆಷ್ಟು? ಬಿಲ್ 50 ಅನ್ನೋಣ. ಪಾಲಿಸಿಯಲ್ಲಿ ನೀವೇ ಭರಿಸಬೇಕಾದ ಕಡ್ಡಾಯ ಮೊತ್ತ 10, ಪೇಂಟ್ ಮತ್ತು ಪ್ಲಾಸ್ಟಿಕ್‌ಗೆ ಸವಕಳಿ ಅಂತ ಇನ್ನೊಂದು 10 ಕಳೆದರೆ ಕೈಗೆ ಬರುವುದು 30. ಮೊದಲ ವರ್ಷದ ನಷ್ಟವನ್ನೂ ಅದು ತುಂಬುವುದಿಲ್ಲ. ನಿಮ್ಮ ಪಾಲಿಸಿಯ ಅಂಕಿಗಳನ್ನು ಹಾಕಿದಾಗಲೂ ಹೀಗೇ ಬಂದರೆ ಸ್ವಂತ ಹಣದಲ್ಲಿ ಮಾಡಿಸಿ.

ಗ್ಯಾರೇಜಿನವರ ಮಾತು ಅವರ ದೃಷ್ಟಿಯಿಂದ ಸರಿ. ಅವರ ಬಿಲ್ ಹೇಗಿದ್ದರೂ ಸಂದಾಯವಾಗುತ್ತದೆ, ಬೋನಸ್ ಹೋಗುವುದು ಮಾತ್ರ ನಿಮ್ಮದು. ಬಂಪರ್ ಸೀಳಿಲ್ಲ, ಅದರ ಕ್ಲಿಪ್ ಮುರಿದಿಲ್ಲ ಅಂದರೆ ಬದಲಿಸಲು ಒಪ್ಪಬೇಡಿ, ಬರೀ ಪೇಂಟ್ ಸಾಕು.

ಉತ್ತರ ತಿರುಗುವ ಸಂದರ್ಭಗಳೂ ಇವೆ. ಬಾಗಿಲಿನ ತಗಡು ಒಳಗೆ ಹೋಗಿದ್ದರೆ ಅಥವಾ ಪಾರ್ಕಿಂಗ್ ಸೆನ್ಸರ್ ಕೆಟ್ಟಿದ್ದರೆ ಬಿಲ್ ಏರುತ್ತದೆ, ಆಗ ಲೆಕ್ಕ ಮತ್ತೆ ಹಾಕಿ. ಬೋನಸ್ ಉಳಿಸುವ ಆಡ್-ಆನ್ ತೆಗೆದುಕೊಂಡಿದ್ದೀರಾ ಅಂತಲೂ ಪಾಲಿಸಿಯಲ್ಲಿ ನೋಡಿ. ಇದ್ದರೆ ಎಷ್ಟು ಕ್ಲೇಮ್‌ವರೆಗೆ ಅನ್ನುವುದನ್ನು ಓದಿಕೊಳ್ಳಿ. ಒಂದೇ ಇದ್ದರೆ ಅದನ್ನು ಈ ಗೀರಿಗೆ ಖರ್ಚು ಮಾಡಬೇಡಿ.