300 ಎಂಬಿಪಿಎಸ್ ಪ್ಲಾನ್ ಇದೆ. ಮೊದಲು 280 ಬರ್ತಿತ್ತು, ಮಳೆಗಾಲ ಶುರುವಾದ ಮೇಲೆ 94 ದಾಟ್ತಿಲ್ಲ. ಯಾವ ರೂಟರ್ ತಗೊಳ್ಳಲಿ?

ಯಾವುದನ್ನೂ ತಗೋಬೇಡಿ. ಆ 94 ಅನ್ನೋ ಅಂಕಿಯನ್ನು ನಾನು ಎರಡು ತಿಂಗಳು ನೋಡಿದ್ದೇನೆ.

ನಮ್ಮ ಮನೆ ಮಡಿಕೇರಿ ಹತ್ತಿರ, ತೋಟದೊಳಗೆ. ಹಂಚಿನ ಮನೆ. ರೂಟರ್ ಜಗಲಿಯಲ್ಲಿ, ನನ್ನ ಕೆಲಸದ ಕೋಣೆ ಹಿಂದುಗಡೆ. ಮಧ್ಯೆ ಅಟ್ಟದ ಮೇಲೆ ಸುಮಾರು 40 ಮೀಟರ್ ಕೇಬಲ್. ಸ್ಪೀಡ್ ಬಿದ್ದಾಗ ಇಂಟರ್‌ನೆಟ್ ಕೊಡುವವರ ಜೊತೆ ಜಗಳವಾಡಿದೆ, ಆಮೇಲೆ ಹೊಸ ರೂಟರ್ ತಂದೆ. ಮತ್ತೆ ಅದೇ 94.

ನಾನು ಮಾಡಿದ ತಪ್ಪು ಒಂದೇ. ಬರೀ ಸ್ಪೀಡ್ ಟೆಸ್ಟ್ ನೋಡುತ್ತಿದ್ದೆ, ಲಿಂಕ್ ಸ್ಪೀಡ್ ನೋಡಲೇ ಇಲ್ಲ. ಸ್ಪೀಡ್ ಟೆಸ್ಟ್ ಇಡೀ ದಾರಿಯನ್ನು ಅಳೆಯುತ್ತದೆ. ಲಿಂಕ್ ಸ್ಪೀಡ್ ಅಂದರೆ ಲ್ಯಾಪ್‌ಟಾಪ್ ಮತ್ತು ರೂಟರ್ ಆ ಒಂದು ಕೇಬಲ್ ಮೇಲೆ ಒಪ್ಪಿಕೊಂಡ ವೇಗ. ವಿಂಡೋಸ್‌ನಲ್ಲಿ Settings ಒಳಗೆ Ethernet ತೆರೆದರೆ Link speed ಎದುರು ಇರುತ್ತದೆ. ಕೊನೆಗೊಂದು ದಿನ ನೋಡಿದೆ: 100/100 (Mbps). ಗಿಗಾಬಿಟ್ ಆಗಿದ್ದರೆ 1000/1000 ಇರಬೇಕಿತ್ತು. 100ರ ಲಿಂಕ್‌ನಲ್ಲಿ ಪ್ಯಾಕೆಟ್‌ಗಳ ಹೆಡರ್‌ಗೆ ಹೋಗಿ ಕೈಗೆ ಸಿಗುವುದೇ 94-95. ಎಷ್ಟು ದುಬಾರಿ ರೂಟರ್ ತಂದರೂ ಅಷ್ಟೇ.

ಕೇಬಲ್ ಕೆಟ್ಟರೆ ನೆಟ್ ಪೂರ್ತಿ ನಿಲ್ಲಬೇಕಲ್ವಾ ಅಂದುಕೊಂಡಿದ್ದೆ. ಹಾಗಲ್ಲ. ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡೇ ಸಾಕು: 1, 2, 3, 6ನೇ ಪಿನ್. ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ತುಂಡಾದರೆ, ಸಾಮಾನ್ಯವಾಗಿ ಎರಡೂ ಕಡೆಯವು ಗಿಗಾಬಿಟ್‌ಗೆ ಪ್ರಯತ್ನಿಸಿ ಸೋತು, ಸುಮ್ನೆ 100ಕ್ಕೆ ಇಳಿದುಬಿಡುತ್ತವೆ. ಲೈಟ್ ಉರಿಯುತ್ತದೆ, ನೆಟ್ ಬರುತ್ತದೆ. ಯಾರಿಗೂ ಅನುಮಾನ ಬರಲ್ಲ.

ಲ್ಯಾಪ್‌ಟಾಪನ್ನು ಜಗಲಿಗೆ ಒಯ್ದು, ರೂಟರ್ ಜೊತೆ ಬಂದ ಗಿಡ್ಡ ಕೇಬಲ್ ಚುಚ್ಚಿದೆ. ತಕ್ಷಣ 1000/1000. ಅಟ್ಟ ಹತ್ತಿ ಟಾರ್ಚ್ ಹಿಡಿದರೆ, ತೊಲೆಯ ಪಕ್ಕ ಇಲಿ ಕಚ್ಚಿತ್ತು. ಕಂದು ತಂತಿ ತುಂಡು, ಉಳಿದವು ಗಟ್ಟಿ. ತಂತಿಯ ತುದಿಯನ್ನು ಬ್ಲೇಡ್‌ನಿಂದ ಕೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬಿಳಿ. ಅಂದರೆ ತಾಮ್ರ ಬಳಿದ ಅಲ್ಯೂಮಿನಿಯಂ! ಕಡಿಮೆ ಬೆಲೆ ಅಂತ ನಾನೇ ತಂದದ್ದು. ಅದು ನಾಲ್ಕು ಸಲ ಬಾಗಿಸಿದರೆ ಮುರಿಯುತ್ತದೆ, ಹೊಸ ಪ್ಲಗ್ ಕ್ರಿಂಪ್ ಮಾಡಿದರೂ ನೆಚ್ಚಿಕೊಳ್ಳೋಕೆ ಆಗಲ್ಲ.

ಕ್ಯಾಟ್ 6 ಬೇಕು ಅಂತ ಅಂಗಡಿಯವರು ಹೇಳುತ್ತಾರೆ. ನಿಮ್ಮ 300ಕ್ಕೆ ಬೇಕಿಲ್ಲ. ಪೂರ್ತಿ ತಾಮ್ರದ ಕ್ಯಾಟ್ 5ಇ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಮೊದಲು ನಿಮಗೆ 280 ಬರುತ್ತಿತ್ತು, ಹಾಗಾಗಿ ರೂಟರ್ ಪೋರ್ಟ್ 100ರದ್ದು ಅಲ್ಲ. ಇವತ್ತೇ ಗಿಡ್ಡ ಕೇಬಲ್ ಹಾಕಿ ನೋಡಿ. ಅದರಲ್ಲೂ 100 ಬಂದರೆ ಮಾತ್ರ ಪೋರ್ಟ್ ಮೇಲೆ ಅನುಮಾನ ಪಡಿ.

ನಾನು ಹೊಸ ಕೇಬಲನ್ನು ಅಟ್ಟದ ಉದ್ದಕ್ಕೂ ಪಿವಿಸಿ ಪೈಪ್‌ನೊಳಗೆ ಎಳೆಸಿದೆ. ಈಗ ಎರಡು ಮಳೆಗಾಲ ಕಳೆದಿದೆ, 1000/1000 ಹಾಗೇ ಇದೆ.