ನಷ್ಟದ ಕ್ರಿಪ್ಟೋ ಮಾರಿದರೆ ತೆರಿಗೆ ಉಳಿಯುತ್ತದಾ?

ಪ್ರಶ್ನೆ: ಕಾಫಿ ಮಾರಿದ ದುಡ್ಡಲ್ಲಿ ಕ್ರಿಪ್ಟೋ ತಗೊಂಡಿದ್ದೆ. ಬಿಟ್‌ಕಾಯಿನ್ ಮಾರಿ ಲಾಭ ಬಂತು, ಈಥರ್ ನಷ್ಟದಲ್ಲಿದೆ. ಅಮೆರಿಕದಲ್ಲಿರುವ ಅಣ್ಣ, ನಷ್ಟದ್ದನ್ನು ಮಾರಿ ತೆರಿಗೆ ಉಳಿಸು ಅಂತಾರೆ. ಗೋಣಿಕೊಪ್ಪಲಿನಲ್ಲಿರುವ ನಾನೂ ಹಾಗೆ ಮಾಡಬಹುದಾ?

ಉತ್ತರ: ತೆರಿಗೆ ಉಳಿಸೋಕೆ ಅಂತ ಮಾರಬೇಡಿ. ಭಾರತದಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ, ಮುಂದೆ ಜಾಸ್ತಿಯೇ ಕಟ್ಟಬೇಕಾಗಬಹುದು.

2022ರ ಏಪ್ರಿಲ್‌ನಿಂದ ಇಲ್ಲಿ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಬಿಟ್‌ಕಾಯಿನ್‌ನಲ್ಲಿ 1 ಲಕ್ಷ ಲಾಭ ಬಂದಿದ್ದರೆ, ಈಥರ್‌ನಲ್ಲಿ ಎಷ್ಟೇ ಕಳೆದುಕೊಂಡರೂ 31,200 ರೂಪಾಯಿ ಕಟ್ಟಲೇಬೇಕು.

ಮಾರಿ ಮತ್ತೆ ಕೊಂಡರೆ ಪೆಟ್ಟು ಇನ್ನೂ ದೊಡ್ಡದು. 1,80,000ಕ್ಕೆ ಕೊಂಡ ಈಥರ್ ಈಗ 1 ಲಕ್ಷಕ್ಕಿಳಿದಿದೆ ಅಂದುಕೊಳ್ಳಿ. ಮಾರಿ, ಅದೇ ಬೆಲೆಗೆ ವಾಪಸ್ ಕೊಂಡಿರಿ. ಈಗ ನಿಮ್ಮ ಲೆಕ್ಕದ ಕೊಂಡ ಬೆಲೆ 1 ಲಕ್ಷ. ಮತ್ತೆ 1,80,000ಕ್ಕೆ ಏರಿದಾಗ ಮಾರಿದರೆ 80,000 ಲಾಭ ಅಂತಾಗಿ 24,960 ರೂಪಾಯಿ ತೆರಿಗೆ. ಸುಮ್ನೆ ಇಟ್ಟುಕೊಂಡಿದ್ದರೆ ಸೊನ್ನೆ, ಅಲ್ವಾ?

ಅಣ್ಣ ಹೇಳಿದ್ದು ಅಲ್ಲಿಗೆ ಸರಿ. ಅಮೆರಿಕದಲ್ಲಿ ನಷ್ಟವನ್ನು ಲಾಭದಲ್ಲಿ ಕಳೆಯಬಹುದು, ಮಿಕ್ಕಿದ್ದರಲ್ಲಿ ವರ್ಷಕ್ಕೆ 3,000 ಡಾಲರ್‌ವರೆಗೆ ಸಂಬಳದಂಥ ಆದಾಯದಲ್ಲೂ ಕಳೆಯಬಹುದು. 30 ದಿನದೊಳಗೆ ಅದೇ ಷೇರನ್ನು ಮತ್ತೆ ಕೊಂಡರೆ ನಷ್ಟ ಲೆಕ್ಕಕ್ಕಿಲ್ಲ ಎಂಬ ಅಲ್ಲಿನ ನಿಯಮ ಕ್ರಿಪ್ಟೋಗೆ ಇನ್ನೂ ಅನ್ವಯಿಸಿಲ್ಲ. ಆದರೆ ಬ್ರಿಟನ್‌ನಲ್ಲಿ ಕ್ರಿಪ್ಟೋಗೂ 30 ದಿನದ ಕಟ್ಟು ಇದೆ.